ಎಪ್ಪತ್ತೋ ಇಪ್ಪತ್ತೋ: ರೈತರ ದೂರವಾಣಿ ಸಲಹಾ ಸೇವೆಯಲ್ಲಿ ಯಂತ್ರವು ಮಾತನ್ನು ಕೇಳಿಸಿಕೊಳ್ಳುವ ಬಗೆ

ರೈತರು ದೂರವಾಣಿ ಕರೆ ಮಾಡಿ ಬೆಳೆಯ ಬಗ್ಗೆ ಸಲಹೆ ಪಡೆಯುವ ವ್ಯವಸ್ಥೆ ನಮ್ಮ ಗ್ರಾಮಗಳಿಗೆ ಹೊಸದಲ್ಲ. ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ 2004ರ ಜನವರಿ 21ರಿಂದ ಕಾರ್ಯನಿರ್ವಹಿಸುತ್ತಿದ್ದು, 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕೃಷಿ ಪದವೀಧರರೊಬ್ಬರು ರೈತರ ಭಾಷೆಯಲ್ಲಿಯೇ ಉತ್ತರಿಸುತ್ತಾರೆ. ಈಗ ಬರುತ್ತಿರುವ ಸೇವೆಗಳಲ್ಲಿ ಕರೆಯನ್ನು ಸ್ವೀಕರಿಸುವುದು ಮನುಷ್ಯರಲ್ಲ, ಯಂತ್ರ. ರೈತರು ಹೇಳಿದ್ದನ್ನು ಅದು ಕೇಳಿಸಿಕೊಂಡು ಅಕ್ಷರರೂಪಕ್ಕೆ ಇಳಿಸುತ್ತದೆ, ಉತ್ತರವನ್ನು ರಚಿಸುತ್ತದೆ ಮತ್ತು ಅದನ್ನು ಮಾತಿನಲ್ಲಿ ಹೇಳುತ್ತದೆ. ಇಂತಹ ಸೇವೆಯನ್ನು ಗ್ರಾಮಸಭೆಯಲ್ಲಿ ಪರಿಚಯಿಸುವಂತೆ ಕೋರಿಕೆ ಬಂದಾಗ, ಅದು ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ಎಡವುತ್ತದೆ ಎಂಬುದನ್ನು ಸದಸ್ಯರು ತಾವೇ ಪರೀಕ್ಷಿಸಿ ತಿಳಿಯಲು ಅನುಕೂಲವಾಗಲೆಂದು ಈ ವಿವರಣೆಯನ್ನು ನೀಡಲಾಗಿದೆ.

ಮೊದಲು ಸಂಪರ್ಕಜಾಲದ ವಿಷಯ. ಬೆಳೆಯ ಛಾಯಾಚಿತ್ರವನ್ನು ಕಳುಹಿಸಿ ಸಲಹೆ ಕೇಳುವ ಆ್ಯಪ್‌ಗಳು ಮಲೆನಾಡಿನ ಕಣಿವೆಗಳಲ್ಲಿ ಹಲವು ಬಾರಿ ಕೆಲಸಕ್ಕೆ ಬಾರವು. ಒಂದು ಸಾಧಾರಣ ಛಾಯಾಚಿತ್ರದ ಗಾತ್ರ ಎರಡು ಮೂರು ಮೆಗಾಬೈಟ್ ಇರುತ್ತದೆ. ಅದೇ ದೂರವಾಣಿ ಕರೆಯಲ್ಲಿ ಒಂದು ನಿಮಿಷದ ಮಾತು, ಉತ್ತಮ ಸಂಕೇತ ಇದ್ದಾಗಲೂ, ನೂರು ಕಿಲೋಬೈಟ್‌ಗಿಂತ ಕಡಿಮೆ ಜಾಗದಲ್ಲಿ ಸಾಗುತ್ತದೆ. ಆದ್ದರಿಂದ ಚಿತ್ರ ಹೋಗದ ಕಡೆಯಲ್ಲಿ ಕರೆ ಹೋಗುತ್ತದೆ. ಗುಂಡಿ ಒತ್ತುವ ಹಳೆಯ ಫೋನಿನಿಂದಲೂ ಹೋಗುತ್ತದೆ. ಮಾತನ್ನು ಗುರುತಿಸುವ, ಉತ್ತರವನ್ನು ರಚಿಸುವ ಭಾರವಾದ ಕೆಲಸವೆಲ್ಲ ದೂರದ ಗಣಕಯಂತ್ರದಲ್ಲಿ ನಡೆಯುವುದರಿಂದ ರೈತರ ಫೋನಿನಲ್ಲಿ ಇಂಟರ್‌ನೆಟ್ ಇರಬೇಕಾದ ಅಗತ್ಯವೇ ಇಲ್ಲ. ಕೆಲವು ಸೇವೆಗಳಲ್ಲಿ ರೈತರು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಯಂತ್ರವೇ ಮರಳಿ ಕರೆ ಮಾಡುತ್ತದೆ.

ಆದರೆ ಇಷ್ಟು ಕಡಿಮೆ ಜಾಗದಲ್ಲಿ ಮಾತನ್ನು ಸಾಗಿಸಲು ಜಾಲವು ಅದನ್ನು ಕತ್ತರಿಸಿ, ಒತ್ತಿ, ಕಿರಿದುಗೊಳಿಸುತ್ತದೆ. ಸಾಮಾನ್ಯ ದೂರವಾಣಿ ಕರೆಯು ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ ದಾಟಿಸುತ್ತದೆ. ಸ, ಶ, ಷ ಮುಂತಾದ ಅಕ್ಷರಗಳ ಸೀತ್ಕಾರದ ಬಹುಪಾಲು ಇದಕ್ಕಿಂತ ಮೇಲಿನ ಅಂತರದಲ್ಲಿರುತ್ತದೆ. ಅದು ಆಚೆ ಬದಿಗೆ ತಲುಪುವುದೇ ಇಲ್ಲ. ಮಾತು 20 ಮಿಲಿಸೆಕೆಂಡಿನ ಸಣ್ಣ ತುಂಡುಗಳಾಗಿ ಸಾಗುತ್ತದೆ. ಸಂಕೇತ ಕ್ಷೀಣಿಸಿದಂತೆ ಜಾಲವು ಒಂದೊಂದು ತುಂಡಿಗೂ ಇನ್ನಷ್ಟು ಕಡಿಮೆ ಜಾಗ ಕೊಡುತ್ತದೆ, ಕೆಲವು ತುಂಡುಗಳು ದಾರಿಯಲ್ಲಿಯೇ ಕಳೆದುಹೋಗುತ್ತವೆ. ಕೇಳುವವರು ಮನುಷ್ಯರಾದರೆ ಕಳೆದುದನ್ನು ಸಂದರ್ಭದಿಂದ ತುಂಬಿಕೊಳ್ಳುತ್ತಾರೆ, ಇಲ್ಲವೇ “ಏನಂದಿರಿ?” ಎಂದು ಕೇಳುತ್ತಾರೆ. ಯಂತ್ರವೂ ತುಂಬಿಕೊಳ್ಳುತ್ತದೆ. ಆದರೆ ಕೇಳದೆಯೇ ತುಂಬಿಕೊಳ್ಳುವುದುಂಟು. ಈ ಸೇವೆಗಳ ಬಗ್ಗೆ ಸದಸ್ಯರು ತಿಳಿಯಬೇಕಾದ ಮುಖ್ಯ ಸಂಗತಿ ಇದರಲ್ಲಿಯೇ ಇದೆ.

ಯಂತ್ರದ ಒಳಗೆ ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ ಎಂದು ಭಾವಿಸಬಹುದು. ಮೊದಲನೆಯದು ಧ್ವನಿಯನ್ನು ಕೇಳಿ ಬರೆದುಕೊಳ್ಳುವ ಭಾಗ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಇಂತಹ ತಂತ್ರಾಂಶಗಳನ್ನು ಮದ್ರಾಸ್ ಐ.ಐ.ಟಿ.ಯ ಎ.ಐ.4ಭಾರತ್ ತಂಡ ಸಿದ್ಧಪಡಿಸಿ ಮುಕ್ತವಾಗಿ ನೀಡಿದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯೂ ಇದೇ ಕೆಲಸಕ್ಕಾಗಿ ಇದೆ. ಎರಡನೆಯದು ಭಾಷಾ ಮಾದರಿ. ಅಪಾರ ಪ್ರಮಾಣದ ಬರಹವನ್ನು ಓದಿ, ಯಾವ ಮಾತಿನ ನಂತರ ಯಾವ ಮಾತು ಬರುವುದು ಸಹಜ ಎಂಬುದನ್ನು ಕಲಿತಿರುವ ಗಣಕ ವ್ಯವಸ್ಥೆಯೇ ಭಾಷಾ ಮಾದರಿ. ಇದು ರೈತರ ಧ್ವನಿಯನ್ನು ಕೇಳುವುದಿಲ್ಲ, ಮೊದಲನೆಯ ಭಾಗವು ಬರೆದುಕೊಟ್ಟದ್ದನ್ನು ಮಾತ್ರ ಓದುತ್ತದೆ. ಬರೆದುದರಲ್ಲಿ ತಪ್ಪಿದ್ದರೆ ಅದನ್ನೇ ನಿಜವೆಂದು ಸ್ವೀಕರಿಸಿ, ಸ್ವಚ್ಛವಾದ ಕನ್ನಡದಲ್ಲಿ, ತಡವರಿಸದೆ ಉತ್ತರ ಹೇಳುತ್ತದೆ. ತಪ್ಪಾಗಿ ಕೇಳಿಸಿಕೊಂಡ ಮನುಷ್ಯರ ಉತ್ತರದಲ್ಲಿ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಅಸಂಬದ್ಧತೆ ಇಣುಕುತ್ತದೆ. ಯಂತ್ರದ ಉತ್ತರದಲ್ಲಿ ಅದು ಇಣುಕುವುದು ಕಡಿಮೆ.

ಒಂದು ಕರೆಯನ್ನು ಊಹಿಸಿಕೊಂಡು ನೋಡೋಣ. ಆಗಸ್ಟ್ ಎರಡನೆಯ ವಾರ, ಮಲೆನಾಡಿನ ಒಂದು ಅಡಿಕೆ ತೋಟ. ಜೂನ್ ಆರಂಭದಲ್ಲಿ ಬೋರ್ಡೋ ದ್ರಾವಣ ಹೊಡೆದ ಮೇಲೆ ಮಳೆ ಬಿಡುವು ಕೊಡದೆ ಎರಡನೆಯ ಸಿಂಪಡಣೆ ಆಗಿಲ್ಲ. ರೈತರು ಕರೆ ಮಾಡಿ ಹೇಳುತ್ತಾರೆ: “ತೋಟದಲ್ಲಿ ಮಿಳ್ಳೆ ಉದುರ್ತಾ ಇದೆ. ತೊಟ್ಟಿನ ಹತ್ರ ನೀರು ಕುಡಿದ ಹಾಗೆ ಕಪ್ಪು ಹಸಿರು ಕಲೆ. ಬೋರ್ಡೋ ಹೊಡೆದು ಎಪ್ಪತ್ತು ದಿನ ಆಯ್ತು. ಮಳೆ ಇನ್ನೂ ಬಿಟ್ಟಿಲ್ಲ.” ಅನುಭವವುಳ್ಳ ಯಾರೇ ಕೇಳಿದರೂ ಇದು ಕೊಳೆರೋಗವೆಂದು ಶಂಕಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಇದನ್ನೇ ಮಹಾಳಿ ಎನ್ನುತ್ತಾರೆ. ಇದು ಹೊಸ ರೋಗವಲ್ಲ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಇದನ್ನು ಅಧ್ಯಯನ ಮಾಡಿ 1910ರಲ್ಲಿಯೇ ವರದಿ ಪ್ರಕಟಿಸಿದ್ದರು. ಮುಂಗಾರು ಆರಂಭಕ್ಕೆ ಒಮ್ಮೆ, ಅಲ್ಲಿಂದ 40ರಿಂದ 45 ದಿನಗಳಿಗೆ ಮತ್ತೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಇಂದಿಗೂ ರೂಢಿಯಲ್ಲಿರುವ ಶಿಫಾರಸು. ಎಪ್ಪತ್ತು ದಿನವಾಗಿದೆ ಎಂದರೆ ಅವಧಿ ಮೀರಿದೆ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಸಿಂಪಡಿಸಬೇಕು.

ಈಗ ಇದೇ ಕರೆ ಕ್ಷೀಣ ಸಂಕೇತದಲ್ಲಿ, ಹೆಂಚಿನ ಮೇಲೆ ಮಳೆ ಸುರಿಯುವ ಸದ್ದಿನ ನಡುವೆ ಸಾಗಿತೆನ್ನಿ. ‘ಎಪ್ಪತ್ತು’ ಮತ್ತು ‘ಇಪ್ಪತ್ತು’ ಎಂಬ ಪದಗಳ ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ. ಆ ಒಂದು ಸ್ವರ ಸಾಗುವ ತುಂಡು ಕೆಟ್ಟರೆ ಯಂತ್ರವು ‘ಇಪ್ಪತ್ತು’ ಎಂದು ಬರೆದುಕೊಳ್ಳಬಹುದು. ಭಾಷಾ ಮಾದರಿಯು ಲೆಕ್ಕ ಹಾಕುತ್ತದೆ. ಸಿಂಪಡಿಸಿ ಇಪ್ಪತ್ತು ದಿನ, ಮುಂದಿನದಕ್ಕೆ ಇನ್ನೂ ಇಪ್ಪತ್ತರಿಂದ ಇಪ್ಪತ್ತೈದು ದಿನ. “ಔಷಧಿಯ ಪರಿಣಾಮ ಇನ್ನೂ ಇದೆ, ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಹಾಕಿ, ಮೂರು ವಾರಗಳ ನಂತರ ಎರಡನೆಯ ಸಿಂಪಡಣೆ ಮಾಡಿ” ಎಂಬ ಉತ್ತರ ಬರುತ್ತದೆ. ಈ ಉತ್ತರದ ಒಂದು ಮಾತೂ ಕೃಷಿಶಾಸ್ತ್ರದ ದೃಷ್ಟಿಯಿಂದ ಅಸಂಬದ್ಧವಲ್ಲ. ಇಪ್ಪತ್ತು ದಿನ ಕಳೆದ ತೋಟಕ್ಕೆ ಅದು ಸರಿಯಾದ ಸಲಹೆಯೇ ಆಗಿರಬಹುದು. ಆದರೆ ಈ ತೋಟಕ್ಕೆ ಮಳೆಗಾಲದ ಮೂರು ವಾರ ಕಾಯುವುದೆಂದರೆ ಕೊನೆಕೊನೆಗಳೇ ಬರಿದಾಗುವುದು.

ಕನ್ನಡದಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ಭಾಷೆಯಲ್ಲಿ ನಿಷೇಧವು ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. ‘ಮಳೆ ಬಿಟ್ಟಿದೆ’, ‘ಮಳೆ ಬಿಟ್ಟಿಲ್ಲ’ ಎಂಬೆರಡರ ವ್ಯತ್ಯಾಸ ಕೊನೆಯ ಅರ್ಧ ಕ್ಷಣದಲ್ಲಿದೆ. ರೈತರು ಮಾತು ಮುಗಿಸಿದರೆಂದು ಯಂತ್ರವು ತೀರ್ಮಾನಿಸುವುದು ಮೌನವನ್ನು ಅಳೆದು. ದನಿ ಇಳಿದ ಕೊನೆಯ ಅಕ್ಷರಗಳನ್ನು ಅದು ಮೌನವೆಂದು ಭಾವಿಸಿ ಕತ್ತರಿಸಿದರೆ ‘ಬಿಟ್ಟಿ’ ಎಂಬಲ್ಲಿಗೆ ವಾಕ್ಯ ನಿಲ್ಲುತ್ತದೆ, ಉಳಿದದ್ದನ್ನು ಯಂತ್ರವೇ ತುಂಬುತ್ತದೆ. ಯೋಚಿಸಿ, ನಿಲ್ಲಿಸಿ, ನಿಧಾನವಾಗಿ ಮಾತನಾಡುವ ಹಿರಿಯರ ಕರೆಗಳಲ್ಲಿ ಈ ತೊಂದರೆ ಹೆಚ್ಚು. ಆದ್ದರಿಂದ ಸೇವೆಯನ್ನು ಪರೀಕ್ಷಿಸುವಾಗ ಚುರುಕಾಗಿ ಮಾತನಾಡುವ ಯುವಕರಿಂದ ಮಾತ್ರ ಕರೆ ಮಾಡಿಸುವುದು ಸಾಲದು.

ಇದಕ್ಕೆ ಪರಿಹಾರವಾಗಿ ಬಹುತೇಕ ಸೇವೆಗಳು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ ಒಪ್ಪಿಗೆ ಕೇಳುವ ಕ್ರಮವನ್ನು ಇಟ್ಟುಕೊಳ್ಳುತ್ತವೆ. ಕ್ರಮ ಒಳ್ಳೆಯದು, ಆದರೆ ಹೇಗೆ ತಿರುಗಿ ಹೇಳಲಾಗುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಯಂತ್ರವು “ಸಿಂಪಡಿಸಿ ಇಪ್ಪತ್ತು ದಿನವಾಗಿದೆ, ಸರಿಯೇ?” ಎಂದು ಕೇಳಿದರೆ ಆ ಪ್ರಶ್ನೆಯೂ ಅದೇ ಕೆಟ್ಟ ಸಂಪರ್ಕದ ಮೂಲಕ ರೈತರನ್ನು ತಲುಪಬೇಕು. ‘ಎಪ್ಪತ್ತು’ ಎಂಬ ಮಾತನ್ನೇ ಮನಸ್ಸಿನಲ್ಲಿಟ್ಟುಕೊಂಡ ಅವರಿಗೆ ‘ಎಪ್ಪತ್ತು’ ಎಂದೇ ಕೇಳಿಸುತ್ತದೆ. “ಹೌದು” ಎನ್ನುತ್ತಾರೆ. ಒಪ್ಪಿಗೆ ದಾಖಲಾಗುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ಬೇರೆ ಪದಗಳಲ್ಲಿ ತಿರುಗಿ ಹೇಳಿದಾಗ ಮಾತ್ರ ತಪ್ಪು ಬಯಲಾಗುತ್ತದೆ. “ಎರಡು, ಸೊನ್ನೆ, ಅಂದರೆ ಜುಲೈ ಕೊನೆಯಲ್ಲಿ ಹೊಡೆದಿರಿ, ಸರಿಯೇ?” ಎಂದು ಕೇಳಿದರೆ ರೈತರು ಒಡನೆಯೇ “ಇಲ್ಲ, ಜೂನ್ ಮೊದಲ ವಾರ” ಎನ್ನುತ್ತಾರೆ. ಎರಡು ಮತ್ತು ಏಳು ಎಂಬ ಪದಗಳು ಕಿವಿಗೆ ಅಷ್ಟು ಸಮೀಪವಲ್ಲ. ಜೂನ್, ಜುಲೈ ಎಂಬ ಪದಗಳು ದನಿಯಲ್ಲಿ ಹತ್ತಿರವಾದರೂ, ‘ಮೊದಲ ವಾರ’, ‘ಕೊನೆ’ ಎಂಬ ಮಾತುಗಳು ಅವನ್ನು ಬೇರ್ಪಡಿಸುತ್ತವೆ.

ಇದಕ್ಕಿಂತಲೂ ಖಚಿತವಾದ ಉಪಾಯ ಹಳೆಯದು: ಸಂಖ್ಯೆಯನ್ನು ಫೋನಿನ ಗುಂಡಿಗಳಿಂದ ಒತ್ತಿಸುವುದು. “ಎಷ್ಟು ದಿನವಾಯಿತೋ ಅಷ್ಟು ಸಂಖ್ಯೆಯನ್ನು ಒತ್ತಿರಿ” ಎಂದರೆ 7 ಮತ್ತು 0 ಒತ್ತಿದ್ದು ಮಳೆಯ ಸದ್ದಿನಲ್ಲಿ 2 ಮತ್ತು 0 ಆಗಿ ಬದಲಾಗುವ ಸಂಭವ ತೀರ ಕಡಿಮೆ. ಗುಜರಾತಿನ ರೈತರಿಗಾಗಿ ರೂಪಿಸಿದ ‘ಆವಾಜ್ ಓಟಲೋ’ ಎಂಬ ದೂರವಾಣಿ ಸೇವೆಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾತಿನಲ್ಲಿ ಆಯ್ಕೆ ಹೇಳುವ ಕ್ರಮವನ್ನೂ ಗುಂಡಿ ಒತ್ತುವ ಕ್ರಮವನ್ನೂ ಹೋಲಿಸಿ ನೋಡಲಾಗಿತ್ತು. ಗುಂಡಿ ಒತ್ತಿದವರೇ ಹೆಚ್ಚು ಯಶಸ್ವಿಯಾಗಿ ಕೆಲಸ ಪೂರೈಸಿದರು. ಅಂದಿನಿಂದ ಧ್ವನಿ ಗುರುತಿಸುವ ತಂತ್ರಜ್ಞಾನ ಬಹಳ ಮುಂದುವರಿದಿದೆ ಎಂಬುದು ನಿಜ. ಆದರೂ ದಿನ, ಎಕರೆ, ಮರಗಳ ಸಂಖ್ಯೆ, ಹೌದು ಅಥವಾ ಇಲ್ಲ, ಇಷ್ಟನ್ನು ಗುಂಡಿಗೆ ಬಿಟ್ಟು, ರೋಗದ ವಿವರಣೆಯನ್ನು ಮಾತಿಗೆ ಬಿಡುವ ಸೇವೆಯೇ ಕ್ಷೀಣ ಸಂಪರ್ಕದ ಗ್ರಾಮಗಳಿಗೆ ತಕ್ಕದ್ದು. ಎಲ್ಲವನ್ನೂ ಮಾತಿನಲ್ಲಿಯೇ ಮಾಡಿಸುವುದು ನೋಡಲು ಸೊಗಸು, ಅಷ್ಟೇ.

ಇನ್ನು ಉತ್ತರದ ಕಡೆಗೆ ಬರೋಣ. ಭಾಷಾ ಮಾದರಿಯು ತನ್ನ ನೆನಪಿನಿಂದಲೇ ಔಷಧಿಯ ಪ್ರಮಾಣವನ್ನು ಹೇಳಬಾರದು. ಸರಿಯಾಗಿ ರೂಪಿಸಿದ ಸೇವೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ‘ಸುಧಾರಿತ ಬೇಸಾಯ ಕ್ರಮಗಳು’ ಕೈಪಿಡಿಯಂತಹ ಅಧಿಕೃತ ಪಠ್ಯಗಳನ್ನು ಮೊದಲೇ ಸೇರಿಸಿರುತ್ತಾರೆ. ರೈತರ ಪ್ರಶ್ನೆಗೆ ಸಂಬಂಧಿಸಿದ ಭಾಗವನ್ನು ಹುಡುಕಿ ತೆಗೆದು ಮಾದರಿಯ ಮುಂದಿಡಲಾಗುತ್ತದೆ. ಪ್ರಮಾಣವನ್ನು ಅದು ಅಲ್ಲಿಂದಲೇ ಓದಬೇಕು. ಹೀಗಿಲ್ಲದಿದ್ದರೆ ಆಗಬಹುದಾದ ತಪ್ಪಿಗೆ ಬೋರ್ಡೋ ದ್ರಾವಣವೇ ಉದಾಹರಣೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ. ಲೀಟರಿಗೆ ಲೆಕ್ಕ ಹಾಕಿದರೆ ತಲಾ 10 ಗ್ರಾಂ. ‘ಲೀಟರಿಗೆ 1 ಗ್ರಾಂ’ ಎಂಬ ಮಾತು ಇತರ ಅನೇಕ ಔಷಧಿಗಳ ಶಿಫಾರಸಿನಲ್ಲಿ ಬರುವುದರಿಂದ, ‘ಶೇಕಡಾ 1’ ಎಂಬುದು ಯಂತ್ರದ ಬಾಯಲ್ಲಿ ‘ಲೀಟರಿಗೆ 1 ಗ್ರಾಂ’ ಆಗಿಬಿಡುವ ಸಾಧ್ಯತೆ ಇದೆ. ಆಗ ತೋಟಕ್ಕೆ ಬೀಳುವುದು ಬೇಕಾದುದರ ಹತ್ತನೆಯ ಒಂದು ಭಾಗ. ಮರ ಹತ್ತಿದ ಕೂಲಿ, ಔಷಧಿಯ ಖರ್ಚು, ಮಳೆ ಕೊಟ್ಟ ಅಪರೂಪದ ಬಿಡುವು, ಮೂರೂ ವ್ಯರ್ಥ.

ತಯಾರಿಕೆಯ ಕ್ರಮದಲ್ಲಿಯೂ ಉತ್ತರವನ್ನು ಪರೀಕ್ಷಿಸಬಹುದು. 50 ಲೀಟರ್ ನೀರಿನಲ್ಲಿ ಮೈಲುತುತ್ತವನ್ನೂ, ಮತ್ತೊಂದು 50 ಲೀಟರ್ ನೀರಿನಲ್ಲಿ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ದ್ರಾವಣವನ್ನು ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಹರಿತವಾದ ಸ್ವಚ್ಛ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಮಾಡಿದ ದಿನವೇ ಬಳಸಬೇಕು. ಅಡಿಕೆ ಬೆಳೆಗಾರರಿಗೆ ಇದೆಲ್ಲ ಕರತಲಾಮಲಕ. ಆದ್ದರಿಂದಲೇ ಸದಸ್ಯರು ಈ ಪ್ರಶ್ನೆಯನ್ನು ಕೇಳಿ ಸೇವೆಯನ್ನು ಪರೀಕ್ಷಿಸುವುದು ಸುಲಭ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳಿದಾಗಲೇ ಯಂತ್ರದ ತಪ್ಪು ಕಾಣುತ್ತದೆ. ಅಡಿಕೆ ಇಲ್ಲದ ಕಡೆ ರಾಗಿ, ತೊಗರಿ, ಜೋಳ, ಯಾವುದು ಊರಿನವರಿಗೆ ಚೆನ್ನಾಗಿ ಗೊತ್ತಿದೆಯೋ ಅದನ್ನೇ ಆರಿಸಿಕೊಳ್ಳಬಹುದು.

ಪದಗಳ ವಿಚಾರ. ಮೇಲಿನ ಕರೆಯಲ್ಲಿ ರೈತರು ‘ಮಿಳ್ಳೆ’ ಎಂದರು. ಕರಾವಳಿಯವರು ‘ನಳ್ಳಿ’ ಎನ್ನುತ್ತಾರೆ. ಕೈಪಿಡಿಯಲ್ಲಿ ‘ಎಳೆಕಾಯಿ’ ಎಂದಿರುತ್ತದೆ. ಈ ಮೂರೂ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡದಿದ್ದರೆ ಹುಡುಕಾಟ ದಾರಿ ತಪ್ಪುತ್ತದೆ. ಎಳೆಕಾಯಿ ಉದುರುವುದಕ್ಕೆ ಕೊಳೆರೋಗವೊಂದೇ ಕಾರಣವಲ್ಲ. ತಿಗಣೆ ಚುಚ್ಚಿ ರಸ ಹೀರಿದರೂ ಉದುರುತ್ತದೆ, ಹಿಂಗಾರ ಒಣಗುವ ರೋಗದಲ್ಲಿಯೂ ಉದುರುತ್ತದೆ. ಅವುಗಳ ಕಾಲ ಬೇರೆ, ಲಕ್ಷಣ ಬೇರೆ, ಔಷಧಿಯೂ ಬೇರೆ. ‘ಉದುರುತ್ತಿದೆ’ ಎಂಬ ಒಂದೇ ಮಾತಿಗೆ ಮರುಪ್ರಶ್ನೆ ಕೇಳದೆ ಔಷಧಿಯ ಹೆಸರು ಹೇಳುವ ಸೇವೆಯನ್ನು ಹಿಂದಕ್ಕೆ ಕಳುಹಿಸುವುದು ಲೇಸು. ಪ್ರತಿ ವಾರ್ಡಿನಿಂದ ಬೆಳೆ, ಕೀಟ, ಕಳೆ, ಅಳತೆಗಳಿಗೆ ಬಳಸುವ ಸ್ಥಳೀಯ ಹೆಸರುಗಳನ್ನು ಬರೆದು, ಅವುಗಳ ಮುಂದೆ ಕೈಪಿಡಿಯ ಹೆಸರನ್ನು ಸೇರಿಸಿ ಸೇವೆ ನಡೆಸುವವರಿಗೆ ಒದಗಿಸುವ ಕೆಲಸವನ್ನು ಗ್ರಾಮ ಪಂಚಾಯತಿಯಷ್ಟು ಚೆನ್ನಾಗಿ ಬೇರಾರೂ ಮಾಡಲಾರರು. ನೂರು ಪದಗಳ ಪಟ್ಟಿಯೂ ಉಪಯುಕ್ತವೇ.

ಕರೆ ಮಾಡಿದವರು ಗಮನಿಸುವ ಮತ್ತೊಂದು ಸಂಗತಿ ಮೌನ. ಪ್ರಶ್ನೆ ಮುಗಿದ ಮೇಲೆ ಉತ್ತರ ಆರಂಭವಾಗಲು ಯಂತ್ರಕ್ಕೆ ಕೆಲವು ಸೆಕೆಂಡು ಬೇಕಾಗುತ್ತದೆ. ಫೋನಿನಲ್ಲಿ ಅಷ್ಟು ಮೌನವಾದರೆ ಕರೆ ತುಂಡಾಯಿತೆಂದು ಯಾರಿಗಾದರೂ ಅನಿಸುವುದು ಸಹಜ. “ಹಲೋ, ಹಲೋ” ಎನ್ನುತ್ತಾರೆ. ಕೆಲವು ಸೇವೆಗಳಲ್ಲಿ ಯಂತ್ರವು ಆ “ಹಲೋ”ವನ್ನು ಹೊಸ ಪ್ರಶ್ನೆಯೆಂದು ತಿಳಿದು ಸಿದ್ಧವಾಗುತ್ತಿದ್ದ ಉತ್ತರವನ್ನು ಕೈಬಿಡುತ್ತದೆ. “ನಿಮ್ಮ ಪ್ರಶ್ನೆ ತಲುಪಿದೆ, ಸ್ವಲ್ಪ ತಾಳಿ” ಎಂಬ ಮೊದಲೇ ಮುದ್ರಿಸಿದ ಒಂದು ವಾಕ್ಯ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಅದು ಇದೆಯೇ ಎಂದು ನೋಡಿ.

ಉತ್ತರ ಮುಗಿದ ಮೇಲೆ ಪ್ರಮಾಣವು ಎಸ್.ಎಂ.ಎಸ್. ಮೂಲಕವೂ ಬರಬೇಕು. ಸಂಕೇತ ಬಂದು ಹೋಗುವ ಸ್ಥಳದಲ್ಲಿ ಕರೆ ತುಂಡಾದರೂ ಎಸ್.ಎಂ.ಎಸ್. ಕಾದಿದ್ದು, ಸಂಕೇತ ಸಿಕ್ಕ ಕೂಡಲೇ ತಲುಪುತ್ತದೆ. ಅಂಗಡಿಯವರಿಗೆ ತೋರಿಸಲೂ ಆಗುತ್ತದೆ. ಇಲ್ಲಿಯೂ ಒಂದು ಮಿತಿ ಇದೆ. ಇಂಗ್ಲಿಷ್ ಅಕ್ಷರಗಳಾದರೆ ಒಂದು ಸಂದೇಶದಲ್ಲಿ 160 ಹಿಡಿಯುತ್ತವೆ, ಕನ್ನಡದಲ್ಲಿ 70 ಮಾತ್ರ; ಅದರಲ್ಲಿಯೂ ಗುಣಿತದ ಚಿಹ್ನೆ, ಒತ್ತಕ್ಷರದ ಕೊಂಡಿ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. “ಬೋರ್ಡೋ ಶೇ 1: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀ.” ಎಂಬುದು ಒಂದು ಸಂದೇಶದಲ್ಲಿ ಹಿಡಿಯುತ್ತದೆ. ಉದ್ದದ ಸಂದೇಶವು ತುಂಡುಗಳಾಗಿ ಸಾಗುತ್ತದೆ. ಹಳೆಯ ಫೋನುಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕಗಳು ಕಾಣುವುದೂ ಉಂಟು. ಅಂತಹ ಫೋನುಗಳಿಗೆ ಪ್ರಮಾಣವನ್ನು ಅಂಕಿಗಳಲ್ಲಿಯೂ ರೋಮನ್ ಅಕ್ಷರಗಳಲ್ಲಿಯೂ ಕಳುಹಿಸುವ ಅವಕಾಶ ಇದೆಯೇ ಎಂದು ವಿಚಾರಿಸಬೇಕು.

ಪರೀಕ್ಷಾ ಕರೆಗಳನ್ನು ಪಂಚಾಯತಿ ಕಚೇರಿಯಿಂದ ಮಾಡಿದರೆ ಪ್ರಯೋಜನವಿಲ್ಲ. ಅಲ್ಲಿ ಸಾಮಾನ್ಯವಾಗಿ ಸಂಕೇತ ಚೆನ್ನಾಗಿರುತ್ತದೆ. ಸಂಕೇತ ಅತಿ ಕಡಿಮೆ ಇರುವ ವಾರ್ಡಿನ ತೋಟದಿಂದ, ಸಾಧ್ಯವಾದರೆ ಮಳೆ ಬರುವಾಗ, ಹಿರಿಯರೊಬ್ಬರು, ಮಹಿಳೆಯೊಬ್ಬರು ಮತ್ತು ಕಿರಿಯರೊಬ್ಬರು ಒಂದೇ ಪ್ರಶ್ನೆಯನ್ನು ತಮ್ಮ ತಮ್ಮ ಮಾತಿನಲ್ಲಿ ಕೇಳಲಿ. ಒಮ್ಮೆ ‘ಎಪ್ಪತ್ತು ದಿನ’ ಎಂದೂ ಇನ್ನೊಮ್ಮೆ ‘ಇಪ್ಪತ್ತು ದಿನ’ ಎಂದೂ ಹೇಳಿದಾಗ ಉತ್ತರ ಬದಲಾಗುತ್ತದೆಯೇ ಎಂದು ನೋಡಲಿ. ಬದಲಾಗದಿದ್ದರೆ ಒಂದೋ ಯಂತ್ರ ಸಂಖ್ಯೆಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ, ಇಲ್ಲವೇ ಕೇಳಿಸಿಕೊಂಡರೂ ಗಣನೆಗೆ ತೆಗೆದುಕೊಂಡಿಲ್ಲ. ಯಾವುದು ಎಂಬುದು ಬರೆದುಕೊಂಡ ಪಠ್ಯವನ್ನು ತರಿಸಿ ನೋಡಿದರೆ ತಿಳಿಯುತ್ತದೆ. ಕರೆಯ ಧ್ವನಿ ಮತ್ತು ಆ ಪಠ್ಯ ಎರಡನ್ನೂ ಸೇವೆ ನಡೆಸುವವರು ಇಟ್ಟುಕೊಂಡಿರುತ್ತಾರೆ. ಹಾಗೆ ಇಟ್ಟುಕೊಳ್ಳುವುದನ್ನು ಕರೆಯ ಆರಂಭದಲ್ಲಿಯೇ ರೈತರಿಗೆ ತಿಳಿಸುತ್ತಿರಬೇಕು.

ಯಂತ್ರಕ್ಕೆ ತಿಳಿಯದಿದ್ದಾಗ ಏನಾಗುತ್ತದೆ ಎಂಬುದನ್ನೂ ಬೇಕೆಂದೇ ಪರೀಕ್ಷಿಸಬಹುದು. ಫೋನನ್ನು ದೂರ ಹಿಡಿದು, ಅರ್ಧ ಮಾತು ನುಂಗಿ ಪ್ರಶ್ನೆ ಕೇಳಿ. ಆಗಲೂ ಸಲಹೆ ಬಂದರೆ ಅದು ಊಹೆಯ ಸಲಹೆ. “ಸರಿಯಾಗಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ” ಎಂದು ಎರಡು ಬಾರಿ ಕೇಳಿ, ಮೂರನೆಯ ಬಾರಿಗೆ ಮನುಷ್ಯರಿಗೆ ಕರೆ ದಾಟಿಸುವ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದ ಸಂಖ್ಯೆ ಕೊಡುವ ಸೇವೆಯಾದರೆ ಗ್ರಾಮಸಭೆಯ ಮುಂದಿಡಬಹುದು. ವಿಷಪ್ರಾಶನ, ಸಿಂಪಡಣೆ ವೇಳೆಯ ಅಸ್ವಸ್ಥತೆ, ಬೆಳೆ ವಿಮೆಯ ಕೊನೆಯ ದಿನಾಂಕ, ಪರಿಹಾರದ ಮೊತ್ತ, ಇವುಗಳ ಬಗ್ಗೆ ಯಂತ್ರವು ಯಾವ ಸಂದರ್ಭದಲ್ಲಿಯೂ ಸ್ವತಃ ಉತ್ತರಿಸದೆ ಸಂಬಂಧಪಟ್ಟವರಿಗೆ ದಾಟಿಸುತ್ತದೆಯೇ ಎಂದು ಪ್ರತ್ಯೇಕವಾಗಿ ಕರೆ ಮಾಡಿ ನೋಡಿ, ಕರೆಯ ದಿನಾಂಕ, ಸಮಯ, ಸ್ಥಳ, ಕೇಳಿದ ಮಾತು ಮತ್ತು ಬಂದ ಉತ್ತರವನ್ನು ಪಂಚಾಯತಿಯ ಪುಸ್ತಕದಲ್ಲಿ ಅದೇ ದಿನ ಬರೆದಿಡುವುದು.